ಫಾರೆನ್, ಶ್ಪ್ರೆಖೆನ್, ಲೇಜ಼ೆನ್: ಜರ್ಮನ್ ಕ್ರಿಯಾಪದದ ಸ್ವರ ಎಲ್ಲಿ, ಹೇಗೆ ಬದಲಾಗುತ್ತದೆ?

ಜರ್ಮನ್ ವರ್ತಮಾನ ಕಾಲದಲ್ಲಿ ಕ್ರಿಯಾಪದದ ಕೊನೆ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ. ಕನ್ನಡಿಗರಿಗೆ ಇದು ಹೊಸದಲ್ಲ. ‘ಓದುತ್ತೇನೆ, ಓದುತ್ತೀಯ, ಓದುತ್ತಾನೆ’ ಎಂದು ನಾವೂ ಹಾಗೆಯೇ ಬದಲಿಸುತ್ತೇವೆ. ತೊಡಕು ಬರುವುದು ಧಾತುವಿನ ನಡುವಿನ ಸ್ವರವೇ ಕದಲಿದಾಗ. ಮೂರು ಮಾದರಿಗಳನ್ನು ಬರವಣಿಗೆಯಲ್ಲಿ ನೋಡಿ:

```
fahren    ich fahre    du fährst    er fährt
sprechen  ich spreche  du sprichst  er spricht
lesen     ich lese     du liest     er liest
```

ಮೊದಲನೆಯದು ಪ್ರಯಾಣಿಸು ಅಥವಾ ವಾಹನ ಓಡಿಸು, ಎರಡನೆಯದು ಮಾತಾಡು, ಮೂರನೆಯದು ಓದು. ಶ್ಪ್ರೆಖೆನ್ ಎಂಬಲ್ಲಿನ ‘ಖ’ ನಿಜಕ್ಕೆ ಹ ಮತ್ತು ಶ ನಡುವಿನ ಮೆದುವಾದ ಧ್ವನಿ. ಅದನ್ನು ಸದ್ಯಕ್ಕೆ ಬದಿಗಿಟ್ಟು ಸ್ವರದ ಮೇಲೆ ಕಣ್ಣಿಡೋಣ.

ಮೊದಲು ಜಾಗ ಗುರುತಿಸಿ

ಸ್ವರ ಬದಲಾಗುವುದು ಎರಡೇ ಕಡೆ: ‘ದು’ (ನೀನು) ಮತ್ತು ‘ಏರ್, ಜ಼ೀ, ಎಸ್’ (ಅವನು, ಅವಳು, ಅದು). ನಾನು, ನಾವು, ಬಹುವಚನದ ನೀವು, ಅವರು, ಗೌರವದ ತಾವು, ಇವು ಯಾವುದರಲ್ಲೂ ಧಾತು ಅಲುಗಾಡುವುದಿಲ್ಲ.

ಕನ್ನಡಿಗರು ಇಲ್ಲಿ ಎರಡು ಕಡೆ ಜಾರುತ್ತಾರೆ. ಒಂದು, ಗೌರವದ ಬಹುವಚನ. ‘ಅಮ್ಮ ಕಾರು ಓಡಿಸ್ತಾರೆ’, ‘ಮೇಷ್ಟ್ರು ಜರ್ಮನ್ ಮಾತಾಡ್ತಾರೆ’ ಎಂದು ಯೋಚಿಸಿದವರು ಅದೇ ಬಿಸಿಯಲ್ಲಿ ಬಹುವಚನದ ರೂಪ ಬಳಸಿಬಿಡುತ್ತಾರೆ. ಜರ್ಮನ್‌ನಲ್ಲಿ ಮೂರನೆಯ ವ್ಯಕ್ತಿ ಎಷ್ಟೇ ದೊಡ್ಡವರಾಗಿರಲಿ, ಒಬ್ಬರೇ ಆಗಿದ್ದರೆ ಏಕವಚನ. ಹಾಗಾಗಿ ಅಮ್ಮ ‘ಫೇರ್ಟ್’, ಮೇಷ್ಟ್ರು ‘ಶ್ಪ್ರಿಖ್ಟ್’, ಸ್ವರ ಬದಲಾಗಲೇಬೇಕು. ಬಹುವಚನ ಹಾಕಿದರೆ ಗೌರವ ಹೆಚ್ಚುವುದಿಲ್ಲ, ವಾಕ್ಯ ತಪ್ಪುತ್ತದೆ, ಅಷ್ಟೆ. ಎದುರಿಗಿರುವ ಒಬ್ಬರನ್ನು ‘ತಾವು’ ಎನ್ನುವಾಗ ಮಾತ್ರ ಬಹುವಚನದ ರೂಪ ಸಲ್ಲುತ್ತದೆ.

ಎರಡನೆಯ ಜಾರು ‘ಈರ್’, ಅಂದರೆ ಗೆಳೆಯರ ಗುಂಪಿಗೆ ಹೇಳುವ ‘ನೀವು’. ಇದರ ಪ್ರತ್ಯಯವೂ ‘ಟ್’ ಆದ್ದರಿಂದ ‘ಏರ್’ ರೂಪವೇ ಬಾಯಿಗೆ ಬರುತ್ತದೆ. ಈರ್ ಫಾರ್ಟ್ ಸರಿ, ಏರ್ ಫೇರ್ಟ್ ಸರಿ. ಬರವಣಿಗೆಯಲ್ಲಿ ಇವೆರಡನ್ನು ಬೇರೆ ಮಾಡುವುದು ಸ್ವರದ ಮೇಲಿನ ಎರಡು ಚುಕ್ಕೆ ಮಾತ್ರ.

ಈ ಎರಡೇ ಜಾಗ ಯಾಕೆ? ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಜರ್ಮನ್‌ನಲ್ಲಿ ಇದೇ ಕ್ರಿಯಾಪದ ‘ಫರು, ಫೆರಿಸ್, ಫೆರಿಟ್’ ಎಂದಿತ್ತು. ನೀನು ಮತ್ತು ಅವನು ರೂಪಗಳ ಕೊನೆಯಲ್ಲಿದ್ದ ‘ಇ’ ತನ್ನ ಹಿಂದಿನ ‘ಅ’ವನ್ನು ತನ್ನತ್ತ ಎಳೆದು ‘ಎ’ ಮಾಡಿತು. ಆಮೇಲೆ ಆ ‘ಇ’ ಸವೆದುಹೋಯಿತು, ಅದು ಮಾಡಿದ ಬದಲಾವಣೆ ಉಳಿದುಕೊಂಡಿತು.

ಯಾವ ಸ್ವರ ಏನಾಗುತ್ತದೆ: ಹ್ರಸ್ವ, ದೀರ್ಘ ಕೇಳಿ

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೂರು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತವೆ. ಎ/ಏ, ಇ/ಈ ಭೇದ ಬಾಲ್ಯದಿಂದಲೇ ಕಿವಿಯಲ್ಲಿರುವ ನಮಗೆ ಅದಕ್ಕಿಂತ ಹತ್ತಿರದ ದಾರಿಯಿದೆ. ಮೂಲರೂಪದಲ್ಲಿ ಹ್ರಸ್ವ ‘ಎ’ ಇದ್ದರೆ ಅದು ಹ್ರಸ್ವ ‘ಇ’ ಆಗುತ್ತದೆ. ದೀರ್ಘ ‘ಏ’ ಇದ್ದರೆ ದೀರ್ಘ ‘ಈ’.

ಶ್ಪ್ರೆಖೆನ್ ಹ್ರಸ್ವ, ಆದ್ದರಿಂದ ಶ್ಪ್ರಿಖ್ಟ್. ಹೆಲ್ಫೆನ್ (ಸಹಾಯ ಮಾಡು) ಹಿಲ್ಫ್ಟ್ ಆಗುತ್ತದೆ, ಟ್ರೆಫೆನ್ (ಭೇಟಿಯಾಗು) ಟ್ರಿಫ್ಟ್, ಎಸೆನ್ (ತಿನ್ನು) ಇಸ್ಟ್. ಲೇಜ಼ೆನ್ ದೀರ್ಘ, ಆದ್ದರಿಂದ ಲೀಸ್ಟ್. ಜ಼ೇಎನ್ (ನೋಡು) ಜ಼ೀಟ್, ಶ್ಟೇಲೆನ್ (ಕದಿ) ಶ್ಟೀಲ್ಟ್. ಕಾಗುಣಿತವೂ ಇದನ್ನೇ ಹಿಂಬಾಲಿಸುತ್ತದೆ: ‘ಇ’ ಆದರೆ i ಒಂದೇ, ‘ಈ’ ಆದರೆ ie.

‘ಅ’ ಗುಂಪಿನಲ್ಲೂ ಅಳತೆ ಹಾಗೇ ಉಳಿಯುತ್ತದೆ. ಫಾರೆನ್, ಶ್ಲಾಫೆನ್ (ಮಲಗು) ದೀರ್ಘ, ಅವು ಫೇರ್ಟ್, ಶ್ಲೇಫ್ಟ್. ಫಲೆನ್ (ಬೀಳು), ವಶೆನ್ (ತೊಳೆ) ಹ್ರಸ್ವ, ಅವು ಫೆಲ್ಟ್, ವೆಶ್ಟ್. ಬರೆಯುವಾಗ ಮೂಲದ ಅಕ್ಷರಕ್ಕೆ ಎರಡು ಚುಕ್ಕೆ ಇಟ್ಟರೆ ಸಾಕು. ಲೌಫೆನ್ (ಓಡು) ಇದೇ ಗುಂಪಿನದು. ಅದು ಲೊಯ್ಫ್ಟ್ ಆಗುತ್ತದೆ.

‘ಏ’ಕಾರದ ಈ ದಾರಿಗೆ ನಾಲ್ಕು ಸಾಮಾನ್ಯ ಪದಗಳು ಬಗ್ಗುವುದಿಲ್ಲ. ಇವನ್ನು ಮಾತ್ರ ಬಾಯಿಪಾಠ ಮಾಡಿ:

```
geben   gibst   gibt
nehmen  nimmst  nimmt
treten  trittst tritt
werden  wirst   wird
```

ಕೊಡು, ತೆಗೆದುಕೋ, ತುಳಿ, ಆಗು ಎಂಬ ಅರ್ಥದ ಈ ನಾಲ್ಕಕ್ಕೂ ಮೂಲದಲ್ಲಿ ದೀರ್ಘ ಸ್ವರವಿದೆ, ಬದಲಾದ ರೂಪದಲ್ಲಿ ಬರೆಯುವುದು ಮಾತ್ರ i ಒಂದೇ. ಎರಡನೆಯ, ಮೂರನೆಯ ಸಾಲುಗಳಲ್ಲಿ ವ್ಯಂಜನವೂ ಇಮ್ಮಡಿಯಾಗಿದೆ. ಸ್ವರ ಹ್ರಸ್ವವಾಯಿತು ಎಂಬುದರ ಗುರುತು ಅದು.

ಬದಲಾಗುವ ಪದ ಯಾವುದೆಂದು ಪರೀಕ್ಷಿಸುವುದು

ಒಂದು ಹಂತ ತಲುಪಿದ ಕಲಿಯುವವರು ಅ, ಎ ಕಂಡಲ್ಲೆಲ್ಲ ಸ್ವರ ಬದಲಿಸತೊಡಗುತ್ತಾರೆ. ಹೊಸ ಪದ ಸಿಕ್ಕಾಗ ಅದರ ಭೂತಕೃದಂತ ನೋಡಿ. ಅದು ‘ಟ್’ನಲ್ಲಿ ಮುಗಿದರೆ ವರ್ತಮಾನದಲ್ಲಿ ಈ ಸ್ವರಬದಲಾವಣೆ ಇಲ್ಲ. ‘ಎನ್’ನಲ್ಲಿ ಮುಗಿದರೆ ಬದಲಾಗುವ ಸಾಧ್ಯತೆ ಇದೆ.

ಎಂಪ್ಫೇಲೆನ್ (ಶಿಫಾರಸು ಮಾಡು) ಮತ್ತು ಫೇಲೆನ್ (ಇಲ್ಲದಿರು, ಕೊರತೆಯಾಗು) ಎಂಬ ಜೋಡಿಯನ್ನು ತೆಗೆದುಕೊಳ್ಳಿ. ನೋಡಲು ಒಂದೇ ಧಾತುವಿನಂತಿವೆ.

```
fehlen      gefehlt     er fehlt
empfehlen   empfohlen   er empfiehlt
```

ಮೊದಲನೆಯದರ ಕೃದಂತ ‘ಟ್’ನಲ್ಲಿ ಮುಗಿದಿದೆ, ಅದನ್ನು ಮುಟ್ಟಬೇಡಿ. ಎರಡನೆಯದು ‘ಎನ್’ನಲ್ಲಿ ಮುಗಿದಿದೆ, ಸ್ವರ ದೀರ್ಘ ‘ಏ’, ಆದ್ದರಿಂದ ‘ಈ’. ಪ್ರಾಸದ ಜೋಡಿಗಳು ಇನ್ನೂ ಇವೆ: ಫ್ರಾಗೆನ್ (ಕೇಳು) ಫ್ರಾಕ್ಟ್ ಆಗಿಯೇ ಉಳಿದರೆ ಟ್ರಾಗೆನ್ (ಹೊರು, ತೊಡು) ಟ್ರೇಕ್ಟ್ ಆಗುತ್ತದೆ. ಇಂಥ ಜೋಡಿಗಳನ್ನು ಅಕ್ಕಪಕ್ಕ ಬರೆದುಕೊಳ್ಳುವುದು ಉದ್ದ ಪಟ್ಟಿಗಿಂತ ಚೆನ್ನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಪರೀಕ್ಷೆಗೆ ಮಿತಿಯೂ ಇದೆ. ಗೇಎನ್ (ಹೋಗು), ಶ್ಟೇಎನ್ (ನಿಲ್ಲು), ಕೊಮೆನ್ (ಬಾ) ಇವುಗಳ ಕೃದಂತ ‘ಎನ್’ನಲ್ಲಿ ಮುಗಿದರೂ ವರ್ತಮಾನದಲ್ಲಿ ಸ್ವರ ಕದಲುವುದಿಲ್ಲ. ಪುಣ್ಯಕ್ಕೆ ಇವು ದಿನವೂ ಬಳಸುವ ಪದಗಳು, ಬೇಗ ರೂಢಿಯಾಗುತ್ತವೆ.

ಪ್ರತ್ಯಯ ಕೂಡಿಸುವಾಗ

ಧಾತು ‘ಸ’ಕಾರದ ಧ್ವನಿಯಲ್ಲಿ ಮುಗಿದರೆ ‘ದು’ ರೂಪಕ್ಕೆ ಇನ್ನೊಂದು ‘ಸ್’ ಬೇಡ. ಹೀಗಾಗಿ ದು ಲೀಸ್ಟ್, ಏರ್ ಲೀಸ್ಟ್ ಎರಡೂ ಒಂದೇ. ಹಲ್ಟೆನ್ (ಹಿಡಿ, ನಿಲ್ಲಿಸು) ಬೇರೆ ರೀತಿ ಕಾಡುತ್ತದೆ. ‘ಟ’ಕಾರದಲ್ಲಿ ಮುಗಿಯುವ ಧಾತುವಿಗೆ ಸಾಮಾನ್ಯವಾಗಿ ನಡುವೆ ಒಂದು ‘ಎ’ ಸೇರಿಸುತ್ತೇವೆ: ಏರ್ ಆರ್ಬೈಟೆಟ್ (ಅವನು ಕೆಲಸ ಮಾಡುತ್ತಾನೆ). ಸ್ವರ ಬದಲಾದ ಕಡೆ ಆ ‘ಎ’ ಬರುವುದಿಲ್ಲ, ಆದ್ದರಿಂದ ಏರ್ ಹೆಲ್ಟ್. ಸ್ವರ ಬದಲಾಗದ ‘ಈರ್’ನಲ್ಲಿ ಅದು ಮರಳಿ ಬರುತ್ತದೆ: ಈರ್ ಹಲ್ಟೆಟ್.

ಅಭ್ಯಾಸ

ಪದಕೋಶದ ಪುಸ್ತಕದಲ್ಲಿ ಮೂಲರೂಪವೊಂದನ್ನೇ ಬರೆಯಬೇಡಿ. ‘ಫಾರೆನ್, ಏರ್ ಫೇರ್ಟ್’ ಎಂದು ಎರಡನ್ನೂ ಒಟ್ಟಿಗೆ ಬರೆದು, ಒಂದೇ ಉಸಿರಿನಲ್ಲಿ ಜೋರಾಗಿ ಹೇಳಿ. ‘ಏರ್’ ರೂಪ ಬಂದರೆ ‘ದು’ ರೂಪ ತಾನಾಗಿ ಬರುತ್ತದೆ. ದಿನಕ್ಕೆ ನಾಲ್ಕೈದು ಪದ ಸಾಕು. ಇ, ಈ ಮತ್ತು ಚುಕ್ಕೆಯ ಗುಂಪುಗಳನ್ನು ಬೇರೆ ಬೇರೆ ದಿನ ಹಿಡಿಯಿರಿ.

ಆಜ್ಞಾರ್ಥವನ್ನೂ ಜೊತೆಗೇ ಕಲಿತರೆ ‘ಇ/ಈ’ ಗುಂಪು ಗಟ್ಟಿಯಾಗುತ್ತದೆ. ಒಬ್ಬ ಗೆಳೆಯನಿಗೆ ‘ಮಾತಾಡು’, ‘ಓದು’, ‘ತಗೋ’ ಎನ್ನಲು ‘ಶ್ಪ್ರಿಖ್’, ‘ಲೀಸ್’, ‘ನಿಮ್’ ಎಂದರಾಯಿತು, ಬದಲಾದ ಸ್ವರವೇ ಉಳಿಯುತ್ತದೆ. ಚುಕ್ಕೆಯ ಗುಂಪಿಗೆ ಮಾತ್ರ ಇದು ನಡೆಯದು. ‘ಗಾಡಿ ಓಡಿಸು’ ಎನ್ನುವಾಗ ಚುಕ್ಕೆ ಕಳಚಿ ‘ಫಾರ್’ ಎನ್ನಬೇಕು. ಮಾತಿನ ಭರದಲ್ಲಿ ಜರ್ಮನ್ನರೇ ‘ಗಿಬ್’ ಬದಲು ‘ಗೇಬ್’ ಎನ್ನುವುದು ಕಿವಿಗೆ ಬಿದ್ದೀತು, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಗುತ್ತದೆ.