ಸಬ್ಜೆಕ್ಟ್ ಬದಲಿಸಿದ್ದನ್ನು ಕವರ್ ಲೆಟರ್‌ನಲ್ಲಿ ಬರೆಯೋದು ಹೇಗೆ?

ಆಡಿಟ್ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತಿರುವ ಬಿಕಾಂ ಮಕ್ಕಳಿಗೆ ಒಂದು ಮಾತು. ನಮ್ಮ ಸಿಎ ಆಫೀಸಿಗೆ ಬರುವ ಅರ್ಜಿಗಳನ್ನು ಮೊದಲು ಓದುವವಳು ನಾನೇ.

ಬಿಎಸ್ಸಿ ಒಂದು ವರ್ಷ ಓದಿ ಬಿಟ್ಟು ಬಿಕಾಂಗೆ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ. ಪಿಯುಸಿ ಮುಗಿದ ವರ್ಷಕ್ಕೂ ಬಿಕಾಂ ಸೇರಿದ ವರ್ಷಕ್ಕೂ ತಾಳೆ ನೋಡುವುದು ನಮಗೆ ಅಭ್ಯಾಸ. ಹಾಗಂತ ಮೊದಲ ಸಾಲಿನಲ್ಲೇ ಕ್ಷಮೆ ಕೇಳುವ ಹಾಗೆ ಬರೆಯೋದೂ ಬೇಡ. ಎರಡನೇ ಪ್ಯಾರಾದಲ್ಲಿ ಎರಡು ಮೂರು ವಾಕ್ಯ ಸಾಕು.

"ಕಾಮರ್ಸ್ ಮೇಲೆ ಆಸಕ್ತಿ ಹುಟ್ಟಿತು" ಅಂತ ಸುಮ್ನೆ ಬರೆದರೆ ಏನೂ ತಿಳಿಯಲ್ಲ. ಕಳೆದ ಸಲ ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: "ಬಿಎಸ್ಸಿ ಮೊದಲ ವರ್ಷದಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿಯ ಖರೀದಿ ಲೆಕ್ಕವನ್ನು GSTR-2B ಜೊತೆ ಹೋಲಿಸಿದೆ. 38 ಬಿಲ್‌ಗಳಲ್ಲಿ 3 ಸಿಗಲಿಲ್ಲ. ಎರಡಕ್ಕೆ ಮಾರಿದವರು ರಿಟರ್ನ್ ಹಾಕಿರಲಿಲ್ಲ, ಒಂದರಲ್ಲಿ ನಮ್ಮ GSTIN ತಪ್ಪಾಗಿತ್ತು. ಆ ಕೆಲಸ ಹಿಡಿಸಿತು, ಮರುವರ್ಷ ಬಿಕಾಂ ಸೇರಿದೆ."

ಇಲ್ಲಿ ಕಾರಣವೂ ಇದೆ, ಬಿಲ್ ಏಕೆ ಸಿಗಲಿಲ್ಲ ಅಂತ ಬೆನ್ನು ಹತ್ತಿದ ಗುಣವೂ ಇದೆ. ವೌಚಿಂಗ್‌ಗೆ ಬೇಕಾದ್ದು ಅದೇ ಅಲ್ವಾ? ಓದಿದ ತಕ್ಷಣ ಇಂಟರ್ವ್ಯೂಗೆ ಕರೆದೆವು.

ಆದರೆ ಇಂಥ ಕೆಲಸವನ್ನು "ಆಡಿಟ್ ಮಾಡಿದ್ದೇನೆ" ಅಂತ ಬರೆಯಬೇಡಿ, ಅದು ರಿಕನ್ಸಿಲಿಯೇಷನ್. ಮಾಡದ ಲೆಕ್ಕವನ್ನಂತೂ ಸೇರಿಸಲೇಬೇಡಿ. ಇಂಟರ್ವ್ಯೂನಲ್ಲಿ ನಾವು ಕೇಳುವ ಮೊದಲ ಪ್ರಶ್ನೆ, "ಆ ಮೂರು ಬಿಲ್‌ಗೆ ಆಮೇಲೆ ಏನು ಮಾಡಿದಿರಿ?"