ಸರಪಳಿಯ ನಾಯಿ ಪರ ಮೂರು ನಿಮಿಷ: ಚರ್ಚಾ ಸ್ಪರ್ಧೆಗೆ ಭಾಷಣ ಬರೆಯುವುದು ಹೇಗೆ?

ಶಾಲೆಯ ಚರ್ಚಾ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತಾಗ ಒಂದೇ ಎಡವಟ್ಟನ್ನು ಮತ್ತೆ ಮತ್ತೆ ನೋಡಿದ್ದೇನೆ. ವಿಷಯ: ‘ನಾಯಿಯನ್ನು ದಿನವಿಡೀ ಹೊರಗೆ ಕಟ್ಟಿಹಾಕಬಾರದು’. ಹುಡುಗ ಎರಡು ನಿಮಿಷ ‘ಪಾಪ, ಮೂಕಪ್ರಾಣಿ’ ಅಂತ ಗದ್ಗದನಾಗುತ್ತಾನೆ. ಎದುರು ತಂಡದ ಹುಡುಗಿ ಎದ್ದು, ‘ಬಿಟ್ಟರೆ ಕಚ್ಚುತ್ತದಲ್ಲ?’ ಎನ್ನುತ್ತಾಳೆ. ಹುಡುಗನ ಬಳಿ ಉತ್ತರವೇ ಇರುವುದಿಲ್ಲ.

ಮೊದಲು ‘ದಿನವಿಡೀ’ ಪದಕ್ಕೆ ಅಡಿಗೆರೆ ಎಳೆಯಿರಿ. ಅಂಗಳ ತೊಳೆಯುವಾಗ ಅರ್ಧ ಗಂಟೆ ಕಟ್ಟುವುದನ್ನು ನೀವು ವಿರೋಧಿಸುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡಿ.

ಆಮೇಲೆ ಆರಂಭ. ‘ನಾಯಿ ಮನುಷ್ಯನ ಆಪ್ತಮಿತ್ರ’ ಬೇಡ, ರೆಡಿಮೇಡ್ ಭಾಷಣದ ಪುಸ್ತಕಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ. ಲೆಕ್ಕದಿಂದ ಶುರುಮಾಡಿ. ಸರಪಳಿ 6 ಅಡಿ ಇದ್ದರೆ ನಾಯಿಗೆ ಸಿಗುವುದು 12 ಅಡಿ ಅಗಲದ ಒಂದು ವೃತ್ತ. ಊಟ, ನಿದ್ದೆ, ಮೂತ್ರ ಎಲ್ಲ ಅದರೊಳಗೇ. ಸರಪಳಿ ಕಂಬಕ್ಕೆ ಸುತ್ತಿಕೊಂಡಷ್ಟೂ ವೃತ್ತ ಕುಗ್ಗುತ್ತದೆ, ನೀರಿನ ಬಟ್ಟಲು ಒಂದು ಗೇಣು ಆಚೆ ಉಳಿಯುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪಾಗಬೇಕು. ಅದಕ್ಕೆ ನೀರು ಬೇಕೇ ಬೇಕು.

ಇನ್ನು ಕಷ್ಟದ ಭಾಗ, ‘ಕಚ್ಚುತ್ತದಲ್ಲ?’ ಎಂಬ ಪ್ರಶ್ನೆ. ನಿಮ್ಮ ಅರ್ಧ ಸಮಯ ಇದಕ್ಕೇ ಇರಲಿ. ಹೆದರಿದ ನಾಯಿಗೆ ಎರಡೇ ದಾರಿ: ಓಡುವುದು ಇಲ್ಲವೇ ಎದುರಿಸುವುದು. ಸರಪಳಿ ಮೊದಲನೆಯದನ್ನು ಕಿತ್ತುಕೊಳ್ಳುತ್ತದೆ. ಅಮೆರಿಕದ ಡೆನ್ವರ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಗಳದಲ್ಲಿ ಕಟ್ಟಿಹಾಕುತ್ತಿದ್ದ ನಾಯಿಗಳು ಕಚ್ಚದವುಗಳಿಗಿಂತ ಕಚ್ಚಿದವುಗಳ ಗುಂಪಿನಲ್ಲೇ ಜಾಸ್ತಿ ಕಂಡಿದ್ದವು. ಆದರೆ ‘ಸರಪಳಿಯಿಂದಲೇ ಕಚ್ಚುತ್ತವೆ’ ಎಂದು ಗುಡುಗಬೇಡಿ. ಜಾಣ ಎದುರಾಳಿ, ‘ಕಚ್ಚುವ ನಾಯಿಯನ್ನೇ ಕಟ್ಟಿರಬಹುದು, ಅಲ್ವಾ?’ ಎನ್ನುತ್ತಾರೆ. ಒಪ್ಪಿಕೊಳ್ಳಿ. ಒಪ್ಪಿ, ಹೀಗೆ ಕೇಳಿ: ‘ಹಾಗಿದ್ದರೂ ಸರಪಳಿ ಕಚ್ಚುವುದನ್ನು ತಡೆಯಿತೇ? ಚೆಂಡಿನ ಹಿಂದೆ ಓಡಿಬರುವ ಮಗುವಿಗೆ ಆ ವೃತ್ತದ ಗೆರೆ ಕಾಣುತ್ತದೆಯೇ?’

‘ಮನೆ ಕಾಯಲು ಬೇಕು’ ಎಂಬ ವಾದಕ್ಕೆ ಎರಡು ವಾಕ್ಯ ಸಾಕು. ದಿನವಿಡೀ ಕಟ್ಟಿದ ನಾಯಿ ಕಂಡಕಂಡದ್ದಕ್ಕೆಲ್ಲ ಬೊಗಳಿದರೆ ಮನೆಯವರೇ ಕಿವಿಗೊಡುವುದಿಲ್ಲ. ಕಳ್ಳ ಆ ವೃತ್ತದ ಆಚೆಯಿಂದ ನಡೆದರೆ ಮುಗಿಯಿತು.

ಪರಿಹಾರ ಹೇಳದೆ ಕೆಳಗಿಳಿಯಬೇಡಿ. ಬೇಲಿ ಇರುವ ಅಂಗಳ, ಮನೆಯೊಳಗೊಂದು ಮೂಲೆ, ಬೆಳಿಗ್ಗೆ ಸಂಜೆ ಪಟ್ಟಿ ಹಿಡಿದು ಓಡಾಟ. ಉದ್ದ ತಂತಿಗೆ ರಾಟೆ ಹಾಕಿ ಕಟ್ಟುವ ಕಿಟ್ ಮಾತ್ರ ಸೂಚಿಸಬೇಡಿ. ಅದರಲ್ಲಿ ವೃತ್ತದ ಬದಲು ಉದ್ದ ಪಟ್ಟೆ ಸಿಗುತ್ತದೆ, ಅಷ್ಟೇ. ಎದುರಾಳಿ ಅದನ್ನೇ ಹಿಡಿದು, ‘ನೀವೂ ಕಟ್ಟಿದಿರಲ್ಲ’ ಎನ್ನುತ್ತಾರೆ.

ಕೊನೆಗೆ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಸಮಯ ಮೀರಿದರೆ ‘ಪಾಪ’ ಇರುವ ವಾಕ್ಯಗಳನ್ನೇ ಮೊದಲು ಹೊಡೆದುಹಾಕಿ.