ರಾತ್ರಿ ಟೆನ್ಶನ್‌ಗೆ ಹಾಕಿದ ಎಣ್ಣೆ, ಬೆಳಗಿನ ಜಾವ ನಾಲ್ಕಕ್ಕೆ ಎದೆ ಡವಡವ: ಲೆಕ್ಕ ಹಾಕೋದು ಹೇಗೆ, ಹೊರಗೆ ಬರೋದು ಹೇಗೆ

ನನ್ನ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ಸೇಲ್ಸ್ ಕೆಲಸದಲ್ಲಿದ್ದಾನೆ, ಪ್ರತಿ ಸೋಮವಾರ ಬೆಳಿಗ್ಗೆ ಟಾರ್ಗೆಟ್ ಮೀಟಿಂಗ್. ಭಾನುವಾರ ಸಂಜೆ ಏಳಾಯ್ತು ಅಂದ್ರೆ ಹೊಟ್ಟೇಲಿ ತಳಮಳ ಶುರು, ಎಂಟೂವರೆಗೆ ಒಂದು ಕ್ವಾರ್ಟರ್ ವಿಸ್ಕಿ ತೆಗೆದು ಹತ್ತೂವರೆ ಒಳಗೆ ಮುಗಿಸ್ತಿದ್ದ, ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಯಾರೋ ತಟ್ಟಿ ಎಬ್ಬಿಸಿದ ಹಾಗೆ ಎಚ್ಚರ ಆಗೋದು, ಬಾಯಿ ಒಣಗಿರೋದು, ಬನಿಯನ್ ಬೆವರಿಗೆ ಒದ್ದೆ, ಏನೋ ದೊಡ್ಡ ತಪ್ಪು ಮಾಡ್ಬಿಟ್ಟಿದೀನಿ ಅನ್ನೋ ಭಯ, ಏನು ತಪ್ಪು ಅಂದ್ರೆ ಗೊತ್ತಿಲ್ಲ. "ಅಣ್ಣಾ, ನಂಗೆ ಈ ಕೆಲಸ ಆಗಲ್ಲ ಅನ್ಸುತ್ತೆ, ಬೆಳಿಗ್ಗೆ ಎದ್ರೆ ಸಾಯೋ ಹಾಗೆ ಆಗುತ್ತೆ" ಅಂತ ಒಂದಿನ ಫೋನ್ ಮಾಡಿದ. ಅವನು ಅದನ್ನ ಕೆಲಸದ ಭಯ ಅಂದ್ಕೊಂಡಿದ್ದ, ಆದ್ರೆ ಅದರಲ್ಲಿ ಮುಕ್ಕಾಲು ಭಾಗ ಹಿಂದಿನ ರಾತ್ರಿಯ ಕ್ವಾರ್ಟರ್‌ದು.

ಮೊದಲು ಲೆಕ್ಕ ಹಾಕಿ

ಕ್ವಾರ್ಟರ್ ಅಂದ್ರೆ 180 ಎಂಎಲ್, ಅದರಲ್ಲಿ 42.8 ಪರ್ಸೆಂಟ್ ಆಲ್ಕೋಹಾಲ್, ತೂಕಕ್ಕೆ ತಂದ್ರೆ ಸುಮಾರು 60 ಗ್ರಾಂ. ಲಿವರ್ ಒಂದು ಗಂಟೆಗೆ ಅಂದಾಜು 8 ಗ್ರಾಂ ಅಷ್ಟೇ ಕರಗಿಸೋದು, ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಮ್ಮಿ, ನಿಂಬೆಹಣ್ಣು ತಣ್ಣೀರು ಸ್ನಾನ ಯಾವುದರಿಂದಲೂ ಅದು ಜೋರಾಗಲ್ಲ. 60 ಗ್ರಾಂ ಹೋಗೋಕೆ ಏಳೂವರೆ ಗಂಟೆ. ಎಂಟೂವರೆಗೆ ಶುರು ಮಾಡಿದ್ರೆ ಸರಿಯಾಗಿ ಬೆಳಗಿನ ಜಾವ ನಾಲ್ಕು ಗಂಟೆ! ನೀವು ಎದ್ದಿರೋ ಟೈಮ್ ಅದೇ. ಬಿಯರ್ ಆದ್ರೆ, 650 ಎಂಎಲ್ ಸ್ಟ್ರಾಂಗ್ ಬಾಟಲಿ 8 ಪರ್ಸೆಂಟ್ ಇದ್ರೆ ಒಂದರಲ್ಲೇ 40 ಗ್ರಾಂ ಆಯ್ತು, "ಬರೀ ಬಿಯರ್ ತಾನೇ" ಅನ್ನೋರು ಇದನ್ನೊಂದು ಸಲ ನೋಡ್ಕೊಳ್ಳಿ.

ಒಳಗೆ ಆಗೋದು ಇಷ್ಟು. ಮಿದುಳಲ್ಲಿ ಶಾಂತ ಮಾಡೋ ಒಂದು ವ್ಯವಸ್ಥೆ ಇದೆ, ಅದರ ಹೆಸರು ಗಾಬಾ, ಎಬ್ಬಿಸಿ ಓಡಿಸೋ ಇನ್ನೊಂದಿದೆ, ಅದು ಗ್ಲುಟಮೇಟ್. ಎಣ್ಣೆ ಗಾಬಾನ ಒತ್ತಿ ಜೋರು ಮಾಡುತ್ತೆ, ಗ್ಲುಟಮೇಟನ್ನ ತಗ್ಗಿಸುತ್ತೆ, ಅದಕ್ಕೇ ಎರಡನೇ ಪೆಗ್ಗಿಗೆ ಭುಜ ಸಡಿಲ ಆಗೋದು. ಮಿದುಳು ಸುಮ್ನಿರಲ್ಲ, ಸಮ ಮಾಡೋಕೆ ಅಂತ ಉಲ್ಟಾ ದಿಕ್ಕಿಗೆ ಎಳೆಯುತ್ತೆ. ಎಣ್ಣೆ ರಕ್ತದಿಂದ ಹೋದ ಮೇಲೂ ಆ ಎಳೆತ ಗಂಟೆಗಟ್ಟಲೆ ಹಾಗೇ ಉಳಿಯುತ್ತೆ, ಅದೇ ಬೆಳಗಿನ ನಡುಕ, ಭಯ, ಶಬ್ದ ಆದ್ರೆ ಬೆಚ್ಚಿಬೀಳೋದು. ಜೊತೆಗೆ ನಿದ್ದೆಯ ಎರಡನೇ ಅರ್ಧ ಚೂರುಚೂರಾಗಿರುತ್ತೆ, ಮೈಯಲ್ಲಿ ನೀರು ಕಮ್ಮಿ ಆಗಿರುತ್ತೆ, ನಾಡಿ ಏರಿರುತ್ತೆ. ನನ್ನ ತಮ್ಮ ಒಂದು ರಾತ್ರಿ ಮಲಗಿದಲ್ಲೇ ನಾಡಿ ಎಣಿಸಿದ, ಅರ್ಧ ನಿಮಿಷಕ್ಕೆ 46, ಅಂದ್ರೆ ನಿಮಿಷಕ್ಕೆ 92, ಕುಡೀದ ದಿನ ಅದೇ ಹೊತ್ತಿಗೆ 64.

ನಾಲ್ಕು ಗಂಟೆಗೆ ಎಚ್ಚರ ಆದಾಗ

ಲೈಟ್ ಹಾಕ್ಬೇಡಿ, ಫೋನ್ ಮುಟ್ಬೇಡಿ. ರಾತ್ರಿ ಯಾರಿಗೆ ಏನು ಮೆಸೇಜ್ ಹಾಕ್ದೆ ಅಂತ ನೋಡೋಕೆ ಈಗಲೇ ಹೋಗ್ಬೇಡಿ, ರಾಜೀನಾಮೆ ಬರೆಯೋದು ಕ್ಷಮೆ ಕೇಳೋದು ಎಲ್ಲ ಮಧ್ಯಾಹ್ನಕ್ಕೆ ಇಟ್ಕೊಳ್ಳಿ. ಪ್ಯಾಕೆಟ್ ಮೇಲೆ ಬರೆದಷ್ಟು ನೀರಲ್ಲಿ ಕಲಸಿದ ಒಆರ್‌ಎಸ್ ಒಂದು ದೊಡ್ಡ ಲೋಟ, ಇಲ್ಲಾಂದ್ರೆ ಉಪ್ಪು ಹಾಕಿದ ಮಜ್ಜಿಗೆ, ನಿಧಾನ ಕುಡೀರಿ, ರಾತ್ರಿ ಊಟ ಬಿಟ್ಟಿದ್ರೆ ಒಂದು ಬಾಳೆಹಣ್ಣು ತಿನ್ನಿ, ಯಾಕಂದ್ರೆ ಖಾಲಿ ಹೊಟ್ಟೇಲಿ ಕುಡಿದಾಗ ಸಕ್ಕರೆ ಇಳಿದು ಅದೂ ನಡುಕ ತರುತ್ತೆ. ಆಮೇಲೆ ಮೂಗಲ್ಲಿ ನಾಲ್ಕು ಎಣಿಸೋವರೆಗೆ ಉಸಿರು ಒಳಗೆ, ಆರು ಎಣಿಸೋವರೆಗೆ ಹೊರಗೆ, ಹೀಗೆ ಹತ್ತು ನಿಮಿಷ. ಭಯ ಪೂರ್ತಿ ಹೋಗಲ್ಲ, ಆದ್ರೆ ನಾಡಿ ಇಳಿಯೋದು ಬೆರಳಿಗೇ ಗೊತ್ತಾಗುತ್ತೆ. ಕಾಫಿಯನ್ನ ಹತ್ತು ಗಂಟೆ ಮೇಲಕ್ಕೆ ತಳ್ಳಿ, ಈಗಾಗ್ಲೇ ಓಡ್ತಿರೋ ಎದೆಗೆ ಅದು ಬೇಡ.

ಎರಡು ಕೆಲಸ ಮಾತ್ರ ಖಂಡಿತ ಮಾಡ್ಬೇಡಿ. ಬೆಳಿಗ್ಗೆ "ಒಂದು ಸಣ್ಣದು" ಹಾಕಿದ್ರೆ ನಡುಕ ನಿಲ್ಲುತ್ತೆ ನಿಜ, ಆದ್ರೆ ಅದೇ ನಡುಕ ಸಂಜೆಗೆ ಮುಂದಕ್ಕೆ ಹೋಗುತ್ತೆ ಅಷ್ಟೇ, ದಿನಾ ಕುಡಿಯೋ ಹಾದಿ ಶುರುವಾಗೋದು ಎಷ್ಟೋ ಸಲ ಅಲ್ಲಿಂದಲೇ. ಎರಡನೇದು, ಮನೇಲಿ ಯಾರಿಗೋ ಬರೆದುಕೊಟ್ಟ ಆಲ್ಪ್ರಜೋಲಾಮ್ ಥರದ ಮಾತ್ರೆ ನುಂಗೋದು. ರಕ್ತದಲ್ಲಿ ಇನ್ನೂ ಎಣ್ಣೆ ಇರುವಾಗ ಅದು ಸೇರಿದ್ರೆ ಉಸಿರೇ ಮಂದ ಆಗಬಹುದು. ಎದೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಹರಡ್ತಿದೆ ಅಂದ್ರೆ ಟೆನ್ಶನ್ ಅಂತ ಕೂರದೆ ಆಸ್ಪತ್ರೆಗೆ ಹೋಗಿ.

ಎರಡು ವಾರದ ನೋಟ್‌ಬುಕ್

ನಂಗೆ ತುಂಬಾ ಮುಖ್ಯ ಅನ್ಸೋದು ಇದೇ, ಯಾಕಂದ್ರೆ ಯಾರು ಹೇಳಿದ್ರೂ ನಂಬದ ನನ್ನ ತಮ್ಮ ತನ್ನ ಕೈಬರಹ ನೋಡಿ ನಂಬಿದ. ದಿನಾ ಒಂದೇ ಸಾಲು: ಸಂಜೆ ಏಳಕ್ಕೆ ಟೆನ್ಶನ್ ಹತ್ತರಲ್ಲಿ ಎಷ್ಟು, ಎಷ್ಟು ಎಂಎಲ್ ಯಾವಾಗ ಕುಡಿದೆ, ಎಚ್ಚರ ಆಗಿದ್ದು ಎಷ್ಟಕ್ಕೆ, ಬೆಳಿಗ್ಗೆ ಎಂಟಕ್ಕೆ ಟೆನ್ಶನ್ ಎಷ್ಟು. ಅವನು ವಾರದಲ್ಲಿ ಮೂರು ದಿನ ಕುಡಿಯೋನು. ಕುಡಿದ ಮಾರನೇ ಬೆಳಿಗ್ಗೆ 7, 8, 7 ಅಂತ ಬರೆದಿದ್ದ, ಕುಡೀದ ದಿನದ್ದು 3, 4. ಎರಡನೇ ವಾರ ಭಾನುವಾರ ಬಾಟಲಿ ತರಲೇ ಇಲ್ಲ. ಏಳೂವರೆಗೆ 7 ಇದ್ದ ತಳಮಳ, ಬಟ್ಟೆ ಇಸ್ತ್ರಿ ಮಾಡಿ ಅಕ್ಕನ ಜೊತೆ ಅರ್ಧ ಗಂಟೆ ಫೋನಲ್ಲಿ ಮಾತಾಡಿ ಊಟ ಮುಗಿಸೋ ಹೊತ್ತಿಗೆ, ಒಂಬತ್ತಕ್ಕೆ, 4ಕ್ಕೆ ಬಂದಿತ್ತು. ಎಣ್ಣೆ ಇಳಿಸ್ತಿದೆ ಅಂತ ಅವನು ಅಂದ್ಕೊಂಡಿದ್ದ ಅಲೆ ತಾನಾಗೇ ಇಳಿಯೋ ಅಲೆ, ಕಾಯೋಕೆ ಅವನು ಯಾವತ್ತೂ ಬಿಟ್ಟಿರ್ಲಿಲ್ಲ ಅಷ್ಟೇ. ನಿದ್ದೆ ಮಾತ್ರ ಮೊದಲ ಎರಡು ಮೂರು ರಾತ್ರಿ ಲೇಟಾಗಿ ಬಂತು, ಅದು ನಿಮಗೂ ಆಗಬಹುದು, ಅದನ್ನ ನೋಡಿ ಬಾಟಲಿಗೆ ವಾಪಸ್ ಹೋಗ್ಬೇಡಿ.

ಮೂರು ನಾಲ್ಕು ವಾರ ಪೂರ್ತಿ ಬಿಟ್ಟ ಮೇಲೂ ಸಂಜೆಯ ಟೆನ್ಶನ್ ಹಾಗೇ ಇದ್ರೆ ಅದು ಎಣ್ಣೆ ಹುಟ್ಟಿಸಿದ್ದಲ್ಲ, ಮೊದಲಿಂದ ಇದ್ದ ಆತಂಕದ ಕಾಯಿಲೆ ಇರಬಹುದು. ಅದಕ್ಕೆ ಕೌನ್ಸೆಲಿಂಗ್ ಇದೆ, ಅಭ್ಯಾಸ ಹಿಡಿಸದ ಮಾತ್ರೆಗಳೂ ಇವೆ, ಸೈಕಿಯಾಟ್ರಿಸ್ಟ್ ಹತ್ರ ಹೋಗಿ.

ಯಾರು ಒಬ್ಬರೇ ಬಿಡಬಾರದು

ಇದನ್ನ ದಯವಿಟ್ಟು ಓಡಿಸ್ಕೊಂಡು ಓದ್ಬೇಡಿ. ದಿನಾ ಕುಡಿಯೋರು, ಬೆಳಿಗ್ಗೆ ಟೀ ಲೋಟ ಹಿಡಿದ್ರೆ ಕೈ ನಡುಗಿ ಟೀ ತುಳುಕೋರು, ಒಂದು ಹಾಕಿದ ಮೇಲೇ ಕೈ ನಿಲ್ಲೋರು, ಇವರು ದಿಢೀರ್ ಅಂತ ಬಿಟ್ರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು, ಗೊತ್ತುಗುರಿ ಇಲ್ಲದೆ ಮಾತಾಡೋದು ಶುರುವಾಗಿ ಜೀವಕ್ಕೇ ಬರಬಹುದು. ಇವರಿಗೆ ಮೇಲಿನ ನೋಟ್‌ಬುಕ್ ಪ್ರಯೋಗ ಅಲ್ಲ, ಡಾಕ್ಟರ ಕೈಕೆಳಗೆ ಮಾತ್ರೆ ಕೊಟ್ಟು ಕೆಲವು ದಿನದಲ್ಲಿ ಬಿಡಿಸೋ ದಾರಿ ಬೇಕು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ, ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗೋದು ಅಂತಲೇ ಗೊತ್ತಾಗದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಬೆಳಗಿನ ಜಾವ ನಾಲ್ಕಕ್ಕೂ ಇರ್ತಾರೆ. ದಿನಕ್ಕೆ ಎಷ್ಟು ಎಂಎಲ್, ಎಷ್ಟು ವರ್ಷದಿಂದ, ಕೊನೇ ಸಲ ಕುಡಿದಿದ್ದು ಎಷ್ಟು ಹೊತ್ತಿಗೆ, ಇಷ್ಟನ್ನ ಕಮ್ಮಿ ಮಾಡಿ ಹೇಳದೆ ಇದ್ದಿದ್ದು ಇದ್ದ ಹಾಗೆ ಹೇಳಿ, ಮಾತ್ರೆಯ ಡೋಸ್ ನಿರ್ಧಾರ ಆಗೋದು ಆ ಲೆಕ್ಕದ ಮೇಲೆ.